ಉಪ್ಪು ಹಾಕುವ ಮೊದಲಿನ ಎರಡು ಗಂಟೆ



ಮಂಜೇಶ್ವರ, ಕುಂಬಳೆ ಕಡೆಯ ನಮ್ಮ ಮನೆಗಳಲ್ಲಿ ಮೇ ತಿಂಗಳು ಬಂತೆಂದರೆ ಅಂಗಳ ಖಾಲಿ ಇರುವುದಿಲ್ಲ. ಒಂದು ಕಡೆ ಹಲಸಿನ ಹಪ್ಪಳ, ಇನ್ನೊಂದು ಕಡೆ ಸಂಡಿಗೆ, ಬೆಕ್ಕಿಗೆ ಎಟುಕದ ಎತ್ತರದಲ್ಲಿ ಉಪ್ಪು ಹಾಕಿದ ಬಂಗುಡೆ. ಕೇರಳದಲ್ಲಿ ಜೂನ್ 10ರಿಂದ ಜುಲೈ 31ರವರೆಗೆ 52 ದಿನ ಟ್ರಾಲಿಂಗ್ ನಿಷೇಧ. ಸಣ್ಣ ದೋಣಿಗಳು ಹೋದರೂ ಕಡಲು ಕೆರಳಿದ ದಿನ ಅವೂ ದಡದಲ್ಲೇ ಇರುತ್ತವೆ. ಆ ದಿನಗಳ ಗಂಜಿಯ ಬದಿಗೆ ಸುಟ್ಟ ಒಣಮೀನಿನ ಒಂದು ತುಂಡು ಸಿಗಬೇಕಾದರೆ ಅದರ ಕೆಲಸ ಮೇ ತಿಂಗಳಲ್ಲೇ ಮುಗಿಯಬೇಕು.

ಒಣಮೀನು ಮಾಡುವುದು ಹೇಗೆಂದು ಯಾರನ್ನು ಕೇಳಿದರೂ ಉಪ್ಪು, ಬಿಸಿಲು ಎಂಬ ಎರಡೇ ಮಾತು ಹೇಳುತ್ತಾರೆ. ಅದು ಸರಿಯೇ. ಆದರೆ ಈ ಎರಡಕ್ಕೂ ಮೊದಲು ಮೂರನೆಯದೊಂದಿದೆ. ನಮ್ಮ ಕುಟುಂಬದಲ್ಲಿ ಅದು ಎಲ್ಲರಿಗೂ ಅರ್ಥವಾದದ್ದು ಒಂದು ಮಳೆಗಾಲದ ಮಧ್ಯಾಹ್ನ, ನನ್ನ ಚಿಕ್ಕಮ್ಮನ ಮನೆಯಲ್ಲಿ.

ಅಲ್ಲಿ ಎಂಟು ವರ್ಷದ ಹುಡುಗ ಊಟ ಮುಗಿಸಿ ಅರ್ಧ ಗಂಟೆಯೂ ಆಗಿರಲಿಲ್ಲ. ಮುಖ, ಕುತ್ತಿಗೆ ಕೆಂಪಗಾಯಿತು. ಮೈಯೆಲ್ಲ ತುರಿಕೆ. "ಅಮ್ಮಾ, ಎದೆ ಡಬಡಬ ಅಂತದೆ" ಎಂದ. ಸ್ವಲ್ಪ ಹೊತ್ತಿನಲ್ಲಿ ಚಿಕ್ಕಪ್ಪನಿಗೂ ತಲೆಸಿಡಿತ, ಮುಖ ಬಿಸಿ. ಆಟೋ ಮಾಡಿಕೊಂಡು ಆಸ್ಪತ್ರೆಗೆ ಓಡಿದರು. ಡಾಕ್ಟರರ ಮೊದಲ ಪ್ರಶ್ನೆ, "ಮಗುವಿಗೆ ಮೀನಿನ ಅಲರ್ಜಿ ಇದೆಯಾ?" ಹುಟ್ಟಿದಲ್ಲಿಂದ ಮೀನು ತಿಂದವನಿಗೆ ಎಲ್ಲಿಯ ಅಲರ್ಜಿ! ಎರಡನೆಯ ಪ್ರಶ್ನೆ, "ಯಾವ ಮೀನು ತಿಂದಿರಿ?" ಮನೆಯಲ್ಲೇ ಮಾಡಿದ ಒಣ ಬಂಗುಡೆ. "ಅದನ್ನು ತಂದು ಎಷ್ಟು ಹೊತ್ತಿನ ಮೇಲೆ ಉಪ್ಪು ಹಾಕಿದ್ದು?" ಎಂದು ಅವರು ಕೇಳಿದಾಗ ಚಿಕ್ಕಮ್ಮನಿಗೆ ಆ ಪ್ರಶ್ನೆ ಯಾಕೆಂದೇ ಗೊತ್ತಾಗಲಿಲ್ಲ. ಇಂಜೆಕ್ಷನ್ ಕೊಟ್ಟು ಸಂಜೆಯವರೆಗೆ ಮಲಗಿಸಿ ನೋಡಿಕೊಂಡರು. ಇಬ್ಬರೂ ಹುಷಾರಾಗಿ ರಾತ್ರಿ ಮನೆಗೆ ಬಂದರು.

ಆ ಮೀನನ್ನು ನಾನೂ ಮರುದಿನ ನೋಡಿದೆ. ಗಟ್ಟಿಯಾಗಿತ್ತು. ಚೆನ್ನಾಗಿ ಒಣಗಿತ್ತು. ಬೂಸ್ಟಿಲ್ಲ, ಕೆಟ್ಟ ವಾಸನೆಯಿಲ್ಲ, ಉಪ್ಪೂ ಸಾಕಷ್ಟು ಇತ್ತು. ಯಾವ ಅಜ್ಜಿಗೆ ತೋರಿಸಿದರೂ ಒಳ್ಳೆಯ ಮೀನೆಂದೇ ಹೇಳುತ್ತಿದ್ದರು. ಆದರೆ ಮೇ ತಿಂಗಳಲ್ಲಿ ಅದು ಮನೆಗೆ ಬಂದದ್ದು ಬೆಳಗ್ಗೆ ಹತ್ತಕ್ಕೆ. ಆ ದಿನ ನೆಂಟರು ಬಂದಿದ್ದರಿಂದ ಸ್ವಚ್ಛ ಮಾಡಿ ಉಪ್ಪು ಹಾಕುವಾಗ ಸಂಜೆ ಐದಾಗಿತ್ತು. ಅಷ್ಟು ಹೊತ್ತೂ ಮೀನು ಅಡುಗೆಮನೆಯ ಹಿಂದಿನ ಜಗಲಿಯಲ್ಲಿ, ಬುಟ್ಟಿಯಲ್ಲಿ, ಮಂಜುಗಡ್ಡೆ ಇಲ್ಲದೆ ಇತ್ತು.

ಬಿಎಸ್ಸಿಯಲ್ಲಿ ಸೂಕ್ಷ್ಮಜೀವಿಗಳ ಪಾಠ ಓದುವಾಗ ಇದರ ಹೆಸರು ನನಗೆ ಸಿಕ್ಕಿತ್ತು: ಹಿಸ್ಟಮಿನ್. ಬಂಗುಡೆ, ಬೂತಾಯಿ, ಕೇದರದಂಥ ಮೀನುಗಳ ಮಾಂಸದಲ್ಲಿ ಹಿಸ್ಟಿಡಿನ್ ಎಂಬ ಅಂಶ ಸಹಜವಾಗಿಯೇ ಹೆಚ್ಚು. ಮೀನು ಸತ್ತ ಮೇಲೆ ಅದರ ಕಿವಿರು, ಕರುಳಿನಲ್ಲಿರುವ ಕೆಲವು ಬ್ಯಾಕ್ಟೀರಿಯಾಗಳು ಮಾಂಸಕ್ಕೆ ಹರಡಿ ಈ ಹಿಸ್ಟಿಡಿನನ್ನು ಹಿಸ್ಟಮಿನ್ ಆಗಿ ಬದಲಾಯಿಸುತ್ತವೆ. ನಮ್ಮ ಮೇ ತಿಂಗಳ ಸೆಕೆ ಅವುಗಳಿಗೆ ಬಲು ಹಿತ. ಮಂಜುಗಡ್ಡೆಯ ತಂಪಿನಲ್ಲಿ ಆ ಕೆಲಸ ಬಹಳ ನಿಧಾನ, ಬಿಸಿಗಾಳಿಯಲ್ಲಿ ಕೆಲವೇ ಗಂಟೆಗಳ ಮಾತು.

ಮುಖ್ಯ ವಿಷಯ ಇನ್ನು ಮುಂದೆ ಇದೆ. ಉಪ್ಪು ಹಾಕಿದಾಗ ಆ ಬ್ಯಾಕ್ಟೀರಿಯಾಗಳು ನಿಲ್ಲುತ್ತವೆ. ಆದರೆ ಅವು ಅಷ್ಟರೊಳಗೆ ಮಾಡಿಟ್ಟ ಹಿಸ್ಟಮಿನ್ ಹಾಗೆಯೇ ಉಳಿಯುತ್ತದೆ. ಬಿಸಿಲಿಗೆ ಅದು ಹೋಗುವುದಿಲ್ಲ. ಕೆಂಡದಲ್ಲಿ ಸುಟ್ಟರೂ, ಎಣ್ಣೆಯಲ್ಲಿ ಕರಿದರೂ, ಹುಳಿ ಹಾಕಿ ಕುದಿಸಿದರೂ ಹೋಗುವುದಿಲ್ಲ. ಮೂಗಿಗೂ ಅದು ಗೊತ್ತಾಗದಿರಬಹುದು. ಕೆಲವೊಮ್ಮೆ ನಾಲಗೆಗೆ ಕಾಳುಮೆಣಸಿನಂಥ ಚುರುಕು ಅನ್ನಿಸುತ್ತದೆ, ಕೆಲವೊಮ್ಮೆ ಅದೂ ಇಲ್ಲ. ಉಪ್ಪು ಮತ್ತು ಬಿಸಿಲು ಮೀನನ್ನು ಅದು ಇದ್ದ ಸ್ಥಿತಿಯಲ್ಲಿ ನಿಲ್ಲಿಸುತ್ತವೆ, ಅಷ್ಟೇ. ಹಿಂದಕ್ಕೆ ಕರೆದುಕೊಂಡು ಹೋಗುವುದಿಲ್ಲ. "ಇವತ್ತು ಮೀನು ಸ್ವಲ್ಪ ಸಪ್ಪೆಯಾಗಿದೆ, ಉಪ್ಪು ಹಾಕಿ ಒಣಗಿಸುವಾ" ಎಂಬ ಮಾತು ನಮ್ಮ ಮನೆಗಳಲ್ಲಿ ಸಾಮಾನ್ಯ. ಒಣಮೀನಿನ ವಿಷಯದಲ್ಲಿ ಅದರಷ್ಟು ಅಪಾಯದ ಮಾತು ಬೇರೆ ಇಲ್ಲ. ಸಾರು ಮಾಡಲಿಕ್ಕೆ ಆಗದ ಮೀನು ಒಣಗಿಸಲಿಕ್ಕೂ ಆಗದು.

ಆದ್ದರಿಂದ ಕೆಲಸ ಶುರುವಾಗುವುದು ಮೀನು ಕೊಳ್ಳುವಲ್ಲಿಂದ. ನಮ್ಮ ಬಾಗಿಲಿಗೆ ಬುಟ್ಟಿ ಹೊತ್ತು ಬರುವ ಅಕ್ಕ ಅಮ್ಮನ ಹತ್ತಿರ ಹೇಳುವುದುಂಟು, "ಬಾಯಮ್ಮ, ಒಣಗಿಸಲಿಕ್ಕೆ ಆದರೆ ನಾಳೆ ಬೆಳಗ್ಗಿನದ್ದು ತಕೊಳ್ಳಿ, ಇದು ಇವತ್ತು ಸಾರಿಗೆ ಮಾತ್ರ." ಮಾರುವವರೇ ಹೀಗೆ ಹೇಳಿದರೆ ಅದಕ್ಕಿಂತ ದೊಡ್ಡ ಉಪಕಾರ ಇಲ್ಲ. ನಾವೇ ನೋಡುವುದಾದರೆ ಕಣ್ಣು ಉಬ್ಬಿ ಹೊಳೆಯುತ್ತಿರಬೇಕು, ಕಿವಿರು ಕಡುಕೆಂಪಿರಬೇಕು, ತಲೆ ಹಿಡಿದು ಎತ್ತಿದರೆ ಬಾಲ ಜೋಲದೆ ಸೆಟೆದು ನಿಲ್ಲಬೇಕು. ದಡದಿಂದ ದೂರ ಇರುವವರು ಮೀನಿನಷ್ಟೇ ತೂಕದ ಮಂಜುಗಡ್ಡೆಯ ಚೂರು ಹಾಕಿಸಿಕೊಂಡು ಬನ್ನಿ. ಮನೆಗೆ ಬಂದ ಮೇಲೆ ಎರಡು ಗಂಟೆಯೊಳಗೆ ಎಲ್ಲ ಮೀನೂ ಉಪ್ಪಿನೊಳಗೆ ಇರಬೇಕು ಎಂಬುದು ಈಗ ನಮ್ಮ ಮನೆಯ ನಿಯಮ. ಐದು ಕೆಜಿ ಸ್ವಚ್ಛ ಮಾಡಲು ಒಬ್ಬರಿಗೆ ಅದಕ್ಕಿಂತ ಹೆಚ್ಚು ಹೊತ್ತು ಬೇಕಾದರೆ ಇಬ್ಬರು ಕೂರಬೇಕು, ಇಲ್ಲವೇ ಮೂರೇ ಕೆಜಿ ತರಬೇಕು. ಕೈಯಲ್ಲಿರುವ ಮೀನು ಬಿಟ್ಟರೆ ಉಳಿದದ್ದು ಮಂಜುಗಡ್ಡೆಯಲ್ಲೇ ಇರಲಿ.

ಇನ್ನು ಉಪ್ಪಿನ ವಿಷಯಕ್ಕೆ ಬರೋಣ. ಈ ವರ್ಷ ಮೇ ಎರಡನೇ ವಾರದಲ್ಲಿ ಅಮ್ಮ ಮತ್ತು ನಾನು ಮಾಡಿದ್ದನ್ನೇ ಲೆಕ್ಕ ಸಮೇತ ಹೇಳುತ್ತೇನೆ.

ತಂದದ್ದು ಐದು ಕೆಜಿ ಬಂಗುಡೆ. ಒಂದೊಂದು ಸುಮಾರು 120 ಗ್ರಾಂ ತೂಗುವಂಥದ್ದು. ಮೆಟ್ಟುಕತ್ತಿಯಲ್ಲಿ ತಲೆ ತೆಗೆಯದೆ ಬೆನ್ನಿನ ಕಡೆಯಿಂದ ಸೀಳಿ, ಪುಸ್ತಕ ಬಿಡಿಸಿದ ಹಾಗೆ ಅಗಲ ಮಾಡಿದೆವು. ಹೊಟ್ಟೆಯ ಕಡೆಯ ಚರ್ಮ ಕೂಡಿಕೊಂಡೇ ಇರಬೇಕು. ಕರುಳು, ಕಿವಿರು, ಬೆನ್ನುಮೂಳೆಗೆ ಅಂಟಿದ ಕಪ್ಪು ರಕ್ತ, ಹೊಟ್ಟೆಯೊಳಗಿನ ಕರಿಪೊರೆ ಎಲ್ಲ ತೆಗೆದು ಮೂರು ನೀರಿನಲ್ಲಿ ತೊಳೆದೆವು. ಸಣ್ಣ ಮೀನೆಂದು ಕರುಳು ಬಿಟ್ಟು ಉಪ್ಪು ಹಾಕಬಾರದು. ಮೀನು ಒಳಗಿಂದ ಕೆಡುವುದು ಅಲ್ಲಿಂದಲೇ. ನೀರು ಬಸಿದ ಮೇಲೆ ತೂಗಿದರೆ 3 ಕೆಜಿ 800 ಗ್ರಾಂ.

ಇದಕ್ಕೆ ಎಷ್ಟು ಉಪ್ಪು? ಅಜ್ಜಿಯ ಅಳತೆ ಮೂರು ಪಾಲು ಮೀನಿಗೆ ಒಂದು ಪಾಲು ಉಪ್ಪು. ಅದು ಯಾಕೆ ಸರಿ ಎಂದು ನೋಡಿ. ಹಸಿ ಬಂಗುಡೆಯ ಮಾಂಸದಲ್ಲಿ ಹೆಚ್ಚುಕಡಿಮೆ ನಾಲ್ಕರಲ್ಲಿ ಮೂರು ಪಾಲು ನೀರೇ. ಅಂದರೆ ನಮ್ಮ 3.8 ಕೆಜಿಯಲ್ಲಿ ಸುಮಾರು 2.8 ಕೆಜಿ ನೀರಿದೆ. ನೂರು ಗ್ರಾಂ ನೀರು ಹೆಚ್ಚೆಂದರೆ 36 ಗ್ರಾಂ ಉಪ್ಪನ್ನು ಕರಗಿಸಿಕೊಳ್ಳಬಲ್ಲದು, ಆ ಮೇಲೆ ಹಾಕಿದ್ದು ಕರಗದೆ ಅಡಿಯಲ್ಲಿ ಉಳಿಯುತ್ತದೆ. ಹಾಗಾದರೆ 2.8 ಕೆಜಿ ನೀರಿಗೆ ಒಂದು ಕೆಜಿ ಉಪ್ಪು ಬೇಕು. ನಾವು ಹಾಕಿದ್ದು 1 ಕೆಜಿ 250 ಗ್ರಾಂ. ಹೆಚ್ಚಿನ ಕಾಲು ಕೆಜಿ ವ್ಯರ್ಥವಲ್ಲ, ಅದು ನಮ್ಮ ಸಾಕ್ಷಿ. ಮರುದಿನ ಭರಣಿಯ ಅಡಿಯಲ್ಲಿ ಕರಗದ ಉಪ್ಪು ಕೈಗೆ ಸಿಕ್ಕಿದರೆ ಮೀನಿಗೆ ಬೇಕಾದಷ್ಟು ಸಿಕ್ಕಿದೆ ಎಂದು ಅರ್ಥ. ಎಲ್ಲ ಕರಗಿಹೋಗಿದ್ದರೆ ಕಡಿಮೆಯಾಗಿದೆ, ಇನ್ನೂ ಹಾಕಬೇಕು.

ಉಪ್ಪು ಕಲ್ಲುಪ್ಪೇ ಆಗಲಿ, ಆದರೆ ಬಿಳಿಯಾಗಿ ಸ್ವಚ್ಛವಿರಲಿ, ಸ್ವಲ್ಪ ಕುಟ್ಟಿ ಗಸಗಸೆಗಿಂತ ದಪ್ಪಗೆ ಮಾಡಿಕೊಳ್ಳಿ. ತೀರಾ ನುಣ್ಣಗಿನ ಪುಡಿ ಉಪ್ಪು ಮೀನಿನ ಮೇಲ್ಭಾಗವನ್ನು ಒಮ್ಮೆಲೇ ಬಿಗಿ ಮಾಡಿಬಿಡುತ್ತದೆ, ಆಗ ಒಳಗೆ ಉಪ್ಪು ಇಳಿಯುವುದು ತಡ. ನಾವು ಕುಟ್ಟಿದ ಉಪ್ಪನ್ನು ಕಬ್ಬಿಣದ ಬಾಣಲೆಯಲ್ಲಿ ಬಿಸಿಯಾಗಿ ಸಿಡಿಯುವವರೆಗೆ ಹುರಿದು ತಣಿಸಿ ಹಾಕುತ್ತೇವೆ. ಇದರ ಕಾರಣವನ್ನು ಮುಂದೆ ಹೇಳುತ್ತೇನೆ. ಒಮ್ಮೆ ಮೀನಿಗೆ ಹಾಕಿ ಉಳಿದ ಉಪ್ಪನ್ನು ಮತ್ತೊಂದು ಸಲಕ್ಕೆ ಇಡಬೇಡಿ.

ಭರಣಿಯ ಅಡಿಗೆ ಒಂದು ಪದರ ಉಪ್ಪು, ಅದರ ಮೇಲೆ ಮಾಂಸದ ಬದಿ ಮೇಲೆ ಬರುವಂತೆ ಮೀನು, ಮತ್ತೆ ಉಪ್ಪು. ಹೀಗೆ ಮೇಲಿನವರೆಗೆ. ಕೊನೆಯ ಪದರದ ಮೀನು ಮಾತ್ರ ಚರ್ಮ ಮೇಲಾಗಿ. ಅದರ ಮೇಲೆ ತಟ್ಟೆ ಮುಚ್ಚಿ, ತೊಳೆದ ಕಲ್ಲು ಹೇರಬೇಕು. ಮೂರು ನಾಲ್ಕು ಗಂಟೆಯಲ್ಲಿ ಮೀನು ತನ್ನದೇ ನೀರು ಬಿಟ್ಟು ಅದರಲ್ಲಿ ಮುಳುಗತೊಡಗುತ್ತದೆ. ಆ ನೀರನ್ನು ಚೆಲ್ಲಬಾರದು. ಬಂಗುಡೆ ಎಣ್ಣೆಯ ಮೀನು. ಉಪ್ಪುನೀರಿನಲ್ಲಿ ಮುಳುಗಿದ್ದರೆ ಅದರ ಎಣ್ಣೆಗೆ ಗಾಳಿ ತಾಗುವುದಿಲ್ಲ, ಕಮಟುವುದಿಲ್ಲ. ಸೀಳಿದ ಬಂಗುಡೆಗೆ ಪೂರ್ತಿ ಒಂದು ದಿನ ಸಾಕು. ಸೀಳದೆ ಹೊಟ್ಟೆ ಮಾತ್ರ ತೆಗೆದದ್ದಾದರೆ ಎರಡು ದಿನ ಬೇಕು. ತೆಗೆಯುವ ಮೊದಲು ಒಂದು ಮೀನನ್ನು ಬೆನ್ನುಮೂಳೆಯ ಹತ್ತಿರ, ದಪ್ಪ ಇರುವಲ್ಲಿ ಕೊಯ್ದು ನೋಡಿ. ಅಲ್ಲಿ ಹಸಿ ಮಾಂಸದ ನಸುಗೆಂಪು, ಮೆತ್ತಗಿನ ಹೊಳಪು ಕಂಡರೆ ಉಪ್ಪು ಇನ್ನೂ ತಲುಪಿಲ್ಲ.

ತೆಗೆದ ಮೇಲೆ ಶುದ್ಧ ನೀರಿನಲ್ಲಿ ಒಮ್ಮೆ ಮುಳುಗಿಸಿ ಎತ್ತಬೇಕು, ಮೇಲೆ ಅಂಟಿದ ಹರಳು ಹೋಗಲಿಕ್ಕೆ. ನೆನೆಸಿಡಬಾರದು. ಒಂದು ಗಂಟೆ ಬಸಿದ ಮೇಲೆ ನಮ್ಮ ಮೀನು ತೂಗಿದ್ದು 3 ಕೆಜಿ 100 ಗ್ರಾಂ. ಬಿಸಿಲು ಕಾಣುವ ಮೊದಲೇ 700 ಗ್ರಾಂ ಇಳಿದಿದೆ. ನೀರು ಹೋದದ್ದು ಇನ್ನೂ ಹೆಚ್ಚು, ಅದರ ಜಾಗಕ್ಕೆ ಅಷ್ಟಿಷ್ಟು ಉಪ್ಪು ಒಳಬಂದಿದೆ. ಒಣಗಿಸುವ ಕೆಲಸದ ದೊಡ್ಡ ಪಾಲನ್ನು ಉಪ್ಪೇ ಮಾಡಿಕೊಟ್ಟಿರುತ್ತದೆ.

ಉಳಿದದ್ದು ಬಿಸಿಲಿನ ಪಾಲು ಎನ್ನುತ್ತೇವೆ. ನಿಜವಾಗಿ ಅದು ಗಾಳಿಯ ಪಾಲು. ನಮ್ಮ ಕರಾವಳಿಯಲ್ಲಿ ಎಷ್ಟು ಬಿಸಿಲಿದ್ದರೂ ಒಣಮೀನು ಕೆಡಲು ಕಾರಣ ಇಲ್ಲಿದೆ. ಗಾಳಿಯಲ್ಲಿ ತೇವಾಂಶ ಶೇಕಡ 75 ದಾಟಿದರೆ ಉಪ್ಪು ಗಾಳಿಯಿಂದ ನೀರು ಎಳೆದುಕೊಳ್ಳುತ್ತದೆ. ಮಳೆಗಾಲದಲ್ಲಿ ಡಬ್ಬಿಯ ಉಪ್ಪು ನೀರಾಗುವುದು ಇದರಿಂದಲೇ. ಉಪ್ಪಿನಿಂದ ತುಂಬಿದ ಮೀನೂ ಹಾಗೆಯೇ. 75ಕ್ಕಿಂತ ಕಡಿಮೆ ಇದ್ದಾಗ ಮಾತ್ರ ಅದು ನೀರು ಬಿಡುತ್ತದೆ. ಹೆಚ್ಚಿದ್ದಾಗ ಬಿಸಿಲಿನಲ್ಲಿಟ್ಟ ಮೀನು ಹನಿಗಟ್ಟುತ್ತದೆ, ಒಣಗುವುದಿಲ್ಲ.

ಇದನ್ನು ತಿಳಿಯಲು ಯಂತ್ರ ಬೇಡ. ಮೀನು ಹರವುವ ಜಾಗದ ಪಕ್ಕದಲ್ಲಿ ಒಂದು ಗಾಜಿನ ತಟ್ಟೆಯಲ್ಲಿ ನಾಲ್ಕು ಹರಳು ಒಣ ಕಲ್ಲುಪ್ಪು ಇಡಿ. ಹರಳು ಒಣಗಿಯೇ ಇದ್ದರೆ ಮೀನನ್ನು ಹೊರಗಿಡಬಹುದು. ಹರಳಿನ ಮೇಲೆ ತೇವ ಹೊಳೆಯತೊಡಗಿದರೆ ಒಳಗೆ ತನ್ನಿ. ಈ ವರ್ಷ ನಮ್ಮಲ್ಲಿ ಬೆಳಗ್ಗೆ ಎಂಟಕ್ಕೆ ಬಿಸಿಲು ಚುರುಕಾಗಿಯೇ ಇದ್ದರೂ ತಟ್ಟೆಯ ಉಪ್ಪು ಒದ್ದೆ. ಒಂಬತ್ತೂವರೆಯ ಮೇಲೆ ಒಣಗಿತು. ಸಂಜೆ ಐದಕ್ಕೆ ಮತ್ತೆ ಒದ್ದೆ. ಹಾಗಾಗಿ ದಿನಕ್ಕೆ ನಮಗೆ ಸಿಕ್ಕಿದ್ದು ಏಳೂವರೆ ಗಂಟೆ ಮಾತ್ರ. ಬೆಳಗ್ಗೆ ಏಳರಿಂದ ಸಂಜೆ ಏಳರವರೆಗೆ ಅಂಗಳದಲ್ಲಿ ಬಿಟ್ಟವರ ಮೀನು ಹಗಲು ಬಿಟ್ಟ ನೀರನ್ನು ಸಂಜೆ ವಾಪಸು ಕುಡಿಯುತ್ತದೆ.

ಹರವುವುದು ನೆಲದ ಮೇಲೆ, ಹೊಯಿಗೆಯ ಮೇಲೆ ಬೇಡ. ಮೂರಡಿ ಎತ್ತರದಲ್ಲಿ ಬಿದಿರಿನ ಕೋಲುಗಳಿಗೆ ಬಲೆ ಕಟ್ಟಿ ಹರವಿದರೆ ಅಡಿಯಿಂದಲೂ ಗಾಳಿ ಆಡುತ್ತದೆ. ಮೇಲೆ ಹಳೆಯ ಸೊಳ್ಳೆಪರದೆ, ಮೀನಿಗೆ ತಾಗದ ಹಾಗೆ ಎತ್ತರಿಸಿ ಕಟ್ಟಬೇಕು. ತಾಗಿದರೆ ನೊಣ ಪರದೆಯ ಮೇಲಿಂದಲೇ ಮೊಟ್ಟೆ ಇಡುತ್ತದೆ. ನೊಣ ಬರಬಾರದೆಂದು ಕೀಟನಾಶಕ ಸಿಂಪಡಿಸುವವರನ್ನು ಕೇಳಿದ್ದೇನೆ. ಅದು ನೇರ ಮಕ್ಕಳ ಹೊಟ್ಟೆಗೆ ಹೋಗುತ್ತದೆ ಎಂಬುದಷ್ಟೇ ನನ್ನ ಉತ್ತರ.

ಮೊದಲ ದಿನದ ನಡು ಮಧ್ಯಾಹ್ನ ಮಾತ್ರ ಜಾಗ್ರತೆ ಬೇಕು. ಒಳಗೆ ಇನ್ನೂ ನೀರಿರುವಾಗ ಸುಡುಬಿಸಿಲು ಬಿದ್ದರೆ ಮೇಲ್ಭಾಗ ಬೇಗ ಗಟ್ಟಿಯಾಗಿ ತೊಗಲಿನ ಹಾಗೆ ಮುಚ್ಚಿಕೊಳ್ಳುತ್ತದೆ. ಒಳಗಿನ ನೀರಿಗೆ ದಾರಿ ಇಲ್ಲ. ಕೈಗೆ ಒಣಗಿದ ಹಾಗೆ ಕಾಣುತ್ತದೆ, ಹದಿನೈದು ದಿನದಲ್ಲಿ ಒಳಗಿಂದ ಕೊಳೆಯುತ್ತದೆ. ಆದ್ದರಿಂದ ಮೊದಲ ದಿನ ಹನ್ನೆರಡರಿಂದ ಎರಡೂವರೆಯವರೆಗೆ ಮೇಲೆ ತೆಂಗಿನ ಮಡಲು ಅಡ್ಡ ಹಾಕಿ ನೆರಳು ಮಾಡಿದೆವು. ಎರಡು ಗಂಟೆಗೊಮ್ಮೆ ಮಗುಚಿ ಹಾಕಿದೆವು. ಸಂಜೆ ಒಳಗೆ ತಂದು ಒಂದರ ಮೇಲೊಂದು ಜೋಡಿಸಿ, ಬಟ್ಟೆ ಮುಚ್ಚಿ, ಮೇಲೆ ಮಣೆ ಹೇರಿದೆವು. ರಾತ್ರಿಯಿಡೀ ಹೀಗೆ ಒತ್ತಿಟ್ಟರೆ ಒಳಗಿನ ನೀರು ಮೇಲಕ್ಕೆ ಸರಿಯುತ್ತದೆ, ಮರುದಿನದ ಗಾಳಿ ಅದನ್ನು ತೆಗೆದುಕೊಂಡು ಹೋಗುತ್ತದೆ. ಸಂಜೆ ಗಟ್ಟಿಯಿದ್ದ ಮೀನು ಬೆಳಗ್ಗೆ ಸ್ವಲ್ಪ ಮೆತ್ತಗಾಗಿದ್ದರೆ ಹೆದರಬೇಡಿ. ಒಳಗೆ ನೀರಿತ್ತು, ಅದು ಹೊರಗೆ ಬಂತು ಎಂದಷ್ಟೇ ಅರ್ಥ.

ಪ್ರತಿ ಸಂಜೆ ತಕ್ಕಡಿಯಲ್ಲಿ ಇಟ್ಟು ನೋಡಿದ್ದೇವೆ. ಮೊದಲ ದಿನ 3 ಕೆಜಿ 100 ಗ್ರಾಂ ಇದ್ದದ್ದು 2 ಕೆಜಿ 650ಕ್ಕೆ ಇಳಿಯಿತು. ಎರಡನೆಯ ದಿನ 2 ಕೆಜಿ 370. ಮೂರನೆಯ ದಿನ ಮೋಡ ಇತ್ತು, 2 ಕೆಜಿ 270. ಅಮ್ಮ ಅಂದು, "ಸಾಕು ಮಗಾ, ಒಣಗಿದೆ" ಎಂದರು. ಹೆಬ್ಬೆರಳಲ್ಲಿ ಒತ್ತಿದರೆ ತಗ್ಗು ಬೀಳುತ್ತಿರಲಿಲ್ಲ, ಅದೂ ನಿಜ. ಆದರೆ ಒಂದೇ ದಿನದಲ್ಲಿ, ಅದೂ ಮೋಡದ ದಿನ, ನೂರು ಗ್ರಾಂ ಇಳಿದಿದೆಯೆಂದರೆ ಒಳಗೆ ಇನ್ನೂ ಬಿಡುವ ನೀರಿದೆ. ನಾಲ್ಕನೆಯ ದಿನ 2 ಕೆಜಿ 180, ಐದನೆಯ ದಿನ 2 ಕೆಜಿ 150. ಇಡೀ ದಿನದ ಒಳ್ಳೆಯ ಗಾಳಿಗೆ ಮೂವತ್ತೇ ಗ್ರಾಂ ಇಳಿದಾಗ ನಿಲ್ಲಿಸಿದೆವು. ಅಜ್ಜಿಯ ಕೈಗೆ ಇದೆಲ್ಲ ತಕ್ಕಡಿ ಇಲ್ಲದೆ ಗೊತ್ತಾಗುತ್ತಿತ್ತು. ನಮ್ಮ ಕೈಗೆ ಆ ಅಭ್ಯಾಸ ಬರುವವರೆಗೆ ತಕ್ಕಡಿಯನ್ನು ನಂಬುವುದೇ ಒಳ್ಳೆಯದು.

ಐದು ಕೆಜಿಯಿಂದ ಉಳಿದದ್ದು ಎರಡು ಕೆಜಿ ಚಿಲ್ಲರೆ. ಇದನ್ನು ಮಳೆಗಾಲ ದಾಟಿಸುವುದು ಇನ್ನೊಂದು ಕೆಲಸ. ಬಿಸಿಲಿಂದ ತಂದ ಮೀನನ್ನು ಬಿಸಿಯಿರುವಾಗಲೇ ಡಬ್ಬಿಗೆ ಹಾಕಿದರೆ ಒಳಗೆ ಬೆವರುತ್ತದೆ. ಪೂರ್ತಿ ತಣಿದ ಮೇಲೆ, ಒಂದೊಂದು ಊಟಕ್ಕೆ ಬೇಕಾದ ನಾಲ್ಕೈದು ಮೀನನ್ನು ದಪ್ಪ ಪ್ಲಾಸ್ಟಿಕ್ ಚೀಲದಲ್ಲಿ ಗಾಳಿ ಒತ್ತಿ ತೆಗೆದು ಕಟ್ಟಿ, ಆ ಕಟ್ಟುಗಳನ್ನು ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿಯಲ್ಲಿ ಇಟ್ಟೆವು. ಒಂದನ್ನು ಬಿಚ್ಚಿದಾಗ ಉಳಿದದ್ದಕ್ಕೆ ಜುಲೈಯ ಗಾಳಿ ತಾಗಬಾರದು. ಫ್ರಿಜ್ಜಿನಲ್ಲಿ ಜಾಗ ಇದ್ದರೆ ಅದೇ ಉತ್ತಮ. ಹಿಂದೆ ಒಲೆಯ ಮೇಲಿನ ಅಟ್ಟದಲ್ಲಿ ಬುಟ್ಟಿ ತೂಗಿಸುತ್ತಿದ್ದರು. ದಿನಾ ಬೆಂಕಿ ಉರಿಯುತ್ತಿದ್ದ ಅಡುಗೆಮನೆಯಲ್ಲಿ ಗಾಳಿ ಒಣಗಿರುತ್ತಿದ್ದದ್ದರಿಂದ ಅದು ಸರಿಹೋಗುತ್ತಿತ್ತು. ಗ್ಯಾಸಿನ ಅಡುಗೆಮನೆಯ ಅಟ್ಟಕ್ಕೆ ಆ ಗುಣವಿಲ್ಲ.

ವಾರಕ್ಕೊಮ್ಮೆ ತೆಗೆದು ನೋಡುವಾಗ ಮೂರು ಬಣ್ಣಗಳನ್ನು ಗುರುತಿಸಲು ಕಲಿಯಿರಿ.

ಗುಲಾಬಿ ಅಥವಾ ಕೆಂಪು ಮಚ್ಚೆ, ಮುಟ್ಟಿದರೆ ಜಾರು, ಕೊಳೆತ ವಾಸನೆ. ಇದು ಉಪ್ಪಿನಲ್ಲೇ ಬದುಕುವ ಸೂಕ್ಷ್ಮಜೀವಿಗಳ ಕೆಲಸ. ಉಪ್ಪಿಲ್ಲದಿದ್ದರೆ ಅವು ಬೆಳೆಯವು. ಉಪ್ಪಿನ ಗದ್ದೆಯಿಂದ ಕಲ್ಲುಪ್ಪಿನ ಹರಳಿನೊಳಗೇ ಕೂತು ನಮ್ಮ ಮನೆಗೆ ಬರುತ್ತವೆ. ಉಪ್ಪನ್ನು ಹುರಿದು ಹಾಕುವುದು ಇವುಗಳಿಗಾಗಿಯೇ. "ಕೆಂಪಾಗಿದೆ, ಇನ್ನೂ ಸ್ವಲ್ಪ ಉಪ್ಪು ಹಾಕು" ಎಂದರೆ ಅವುಗಳಿಗೆ ಊಟ ಬಡಿಸಿದ ಹಾಗೆ. ಅವುಗಳನ್ನು ತಡೆಯುವುದು ಒಣಗು ಮತ್ತು ತಂಪು. ಕೆಂಪು ಬಂದ ಮೀನನ್ನು ನಾವು ಹೂಳುತ್ತೇವೆ.

ಎರಡನೆಯದು ಕಂದು ಚುಕ್ಕೆ, ಕಾಳುಮೆಣಸಿನ ಪುಡಿ ಉದುರಿಸಿದ ಹಾಗೆ. ಇದು ಬೂಸ್ಟು. ಮೀನು ತೇವ ಎಳೆದುಕೊಂಡಿದೆ, ಡಬ್ಬಿ ಬಿಗಿಯಿಲ್ಲ ಎಂಬ ಸುದ್ದಿ. ಬಟ್ಟೆಯಲ್ಲಿ ಒರೆಸಿ ಬಿಸಿಲಿಗೆ ಹಾಕಿ ತಿನ್ನುವವರು ಇದ್ದಾರೆ. ಚುಕ್ಕೆ ಒರೆಸಿದರೆ ಬೇರು ಒರೆಸಿದಂತಾಗುವುದಿಲ್ಲ. ಆ ಕಟ್ಟನ್ನು ಬಿಡಿ, ಉಳಿದ ಕಟ್ಟುಗಳನ್ನು ಅಂದೇ ಪರೀಕ್ಷಿಸಿ.

ಮೂರನೆಯದು ಹೊಟ್ಟೆಯ ಅಂಚಿನಲ್ಲಿ ತುಕ್ಕಿನಂಥ ಹಳದಿ, ಹಳೇ ಎಣ್ಣೆಯ ಕಮಟು ವಾಸನೆ. ಇದು ಮೀನೆಣ್ಣೆ ಗಾಳಿಗೆ ಹಳಸಿದ್ದು. ಬಂಗುಡೆ, ಬೂತಾಯಿಯಂಥ ಎಣ್ಣೆಯ ಮೀನಿಗೆ ಇದು ತಪ್ಪಿದ್ದಲ್ಲ. ನಮ್ಮ ಮನೆಯ ಒಣ ಬಂಗುಡೆಗೆ ಮೂರು ತಿಂಗಳು ನಾವು ಇಟ್ಟ ಗಡಿ. ಅದರ ಮೇಲೆ ಎಷ್ಟು ಚೆನ್ನಾಗಿ ಒಣಗಿಸಿದ್ದರೂ ರುಚಿ ಇಳಿಯುತ್ತದೆ. ವರ್ಷವಿಡೀ ಇಡುವ ಆಸೆಗೆ ಈ ಮೀನು ಸರಿಯಲ್ಲ.

ಇನ್ನೊಂದು ಮಾತು ಮನೆಯ ಹಿರಿಯರ ಸಲುವಾಗಿ. ಇಷ್ಟು ಉಪ್ಪು ಕುಡಿದ ಮೀನನ್ನು ಅಡುಗೆಗೆ ಮೊದಲು ಅರ್ಧ ಗಂಟೆ ನೀರಿನಲ್ಲಿ ನೆನೆಸಿ ಆ ನೀರು ಚೆಲ್ಲಬೇಕು. ಸಾರಿಗೆ ಬೇರೆ ಉಪ್ಪು ಬೇಡ. ಹಾಗೆ ಮಾಡಿದರೂ ಉಪ್ಪು ಪೂರ್ತಿ ಹೋಗುವುದಿಲ್ಲ. ಬಿಪಿ, ಮೂತ್ರಪಿಂಡದ ತೊಂದರೆ ಇರುವವರ ಬಟ್ಟಲಿಗೆ ಒಣಮೀನು ಹಾಕದಿರುವುದೇ ಪ್ರೀತಿ.

ಮೀನು ತಿಂದ ಕೆಲವು ನಿಮಿಷದಿಂದ ಒಂದೆರಡು ಗಂಟೆಯೊಳಗೆ ಯಾರಿಗಾದರೂ ಮುಖ ಕೆಂಪಾಗಿ ತುರಿಕೆ, ತಲೆನೋವು, ಎದೆಬಡಿತ ಬಂದರೆ ಮನೆಮದ್ದು ಮಾಡುತ್ತ ಕೂರಬೇಡಿ. ಉಸಿರಾಟಕ್ಕೆ ಕಷ್ಟವಾದರೆ ಒಂದು ನಿಮಿಷವೂ ತಡಮಾಡಬೇಡಿ. ಡಾಕ್ಟರರಿಗೆ ಯಾವ ಮೀನು, ಯಾವಾಗ ತಿಂದದ್ದು ಎಂದು ಹೇಳಿ. ಅದೇ ಮೀನನ್ನು ತಿಂದ ಉಳಿದವರನ್ನೂ ಗಮನಿಸಿ. ಪಾತ್ರೆಯಲ್ಲಿ ಉಳಿದದ್ದನ್ನು ಯಾರೂ ಮುಟ್ಟುವುದು ಬೇಡ.

ಈಗ ಚಿಕ್ಕಮ್ಮನ ಮನೆಯಲ್ಲೂ ನಮ್ಮ ಮನೆಯಲ್ಲೂ ಒಣಮೀನಿನ ಪ್ರತಿ ಕಟ್ಟಿನೊಳಗೆ ಒಂದು ಚೀಟಿ ಇರುತ್ತದೆ. ಹೆಚ್ಚು ಬರೆಯಲಿಕ್ಕಿಲ್ಲ, ಮೂರೇ ಸಾಲು. ಮೀನು ಮನೆಗೆ ಬಂದ ಹೊತ್ತು, ಕೊನೆಯ ಮೀನಿಗೆ ಉಪ್ಪು ಬಿದ್ದ ಹೊತ್ತು, ಕಟ್ಟಿದ ದಿನಾಂಕ. ನೆರೆಮನೆಗೆ ನಾಲ್ಕು ಮೀನು ಕೊಡುವಾಗಲೂ ಚೀಟಿ ಸಮೇತ ಕೊಡುತ್ತೇವೆ. ಮೊದಲ ಎರಡು ಸಾಲಿನ ನಡುವೆ ಎರಡು ಗಂಟೆಗಿಂತ ಹೆಚ್ಚು ಅಂತರ ಇರುವ ಕಟ್ಟು ನಮ್ಮ ಡಬ್ಬಿಗೆ ಹೋಗುವುದಿಲ್ಲ. ನೀವು ಕೊಡುವಾಗಲೂ ಬರೆದು ಕೊಡಿ, ತೆಗೆದುಕೊಳ್ಳುವಾಗ ಕೇಳಿ ತೆಗೆದುಕೊಳ್ಳಿ. ಕೇಳಿದರೆ ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ.